ಮೋಟಾರ್ ಕಂಪನ ವರದಿಯನ್ನು ಸೂಪರ್‌ವೈಸರ್‌ಗಳಿಗಾಗಿ ಕನ್ನಡಕ್ಕೆ ತರುವ ಬಗೆ: ಒಂದು ಬ್ಯಾಗ್ ಫಿಲ್ಟರ್ ಫ್ಯಾನಿನ ವರದಿಯನ್ನು ಮುಂದಿಟ್ಟುಕೊಂಡು

ಸೇಡಂ, ಚಿತ್ತಾಪುರ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಮೋಟಾರುಗಳ ಕಂಪನ ತಪಾಸಣೆಯ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಓದಿ ಸಹಿ ಮಾಡುವವರು ಒಬ್ಬರಾದರೆ, ಅದರಂತೆ ಪಾನಾ ಹಿಡಿದು ಕೆಲಸ ಮಾಡಿಸುವವರು ಪಾಳಿಯ ಸೂಪರ್‌ವೈಸರ್‌ಗಳು. ಇವರಲ್ಲಿ ಅನೇಕರು ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಬಂದವರು. ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲವರು. ಅವರಿಗೆ ಪದಗಳ ಅರ್ಥಕೋಶ ಬೇಕಾಗಿಲ್ಲ. ವರದಿಯು ಯಾವ ಕೆಲಸವನ್ನು ಮಾಡಲು ಹೇಳುತ್ತಿದೆ, ಯಾವುದನ್ನು ಮಾಡಬಾರದು ಎನ್ನುತ್ತಿದೆ, ಮತ್ತು ಎಷ್ಟು ಖಚಿತವಾಗಿ ಹೇಳುತ್ತಿದೆ ಎಂಬುದು ಬೇಕು. ಅಸಮತೋಲನ, ಅಲೈನ್‌ಮೆಂಟ್ ದೋಷ ಮತ್ತು ರೆಸೋನೆನ್ಸ್ ಈ ಮೂರೂ ಕೈಗೆ ಒಂದೇ ರೀತಿಯ ನಡುಕವಾಗಿ ತಟ್ಟುತ್ತವೆ, ಆದರೆ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಅನುವಾದದಲ್ಲಿ ಇವು ಒಂದರೊಳಗೊಂದು ಕಲಸಿಹೋದರೆ ಫ್ಯಾನನ್ನು ಸುಮ್ಮನೆ ಬಿಚ್ಚಿ ಜೋಡಿಸಿದಂತಾಗುತ್ತದೆಯೇ ಹೊರತು ಕಂಪನ ಇಳಿಯುವುದಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಸೇಡಂ ತಾಲ್ಲೂಕಿನ ಒಂದು ಕಾರ್ಖಾನೆಯ ಬ್ಯಾಗ್ ಫಿಲ್ಟರ್ ಫ್ಯಾನಿನ ವರದಿ. ಮೋಟಾರು 90 ಕಿಲೋವ್ಯಾಟ್, ನಾಲ್ಕು ಪೋಲ್, 280 ಫ್ರೇಮ್, ವೇಗ ಏರಿಳಿಸುವ ವಿಎಫ್‌ಡಿ ಡ್ರೈವ್ ಮೇಲೆ ಓಡುವಂಥದ್ದು. ಕಪ್ಲಿಂಗ್ ಮೂಲಕ ನೇರವಾಗಿ ಫ್ಯಾನಿಗೆ ಜೋಡಿಸಿದೆ. ಮೋಟಾರು ಕುಳಿತಿರುವುದು ಕಾಂಕ್ರೀಟಿನ ಮೇಲಲ್ಲ, ಎತ್ತರದಲ್ಲಿರುವ ಚಾನೆಲ್ ಮತ್ತು ಬೀಮಿನ ಸ್ಟ್ರಕ್ಚರ್ ಮೇಲೆ. ಮೊದಲು ಡ್ರೈವ್ 40 ಹರ್ಟ್ಜ್‌ನಲ್ಲಿ ಓಡುತ್ತಿತ್ತು. ಗಾಳಿಯ ಎಳೆತ ಸಾಲದೆಂದು 45ಕ್ಕೆ ಏರಿಸಿದ ಮೇಲೆ ಮೋಟಾರು ಜೋರಾಗಿ ಅಲುಗತೊಡಗಿತು. ಆಗ ಪಾಳಿಯ ಸೂಪರ್‌ವೈಸರ್ ಕೇಳಿದ ಪ್ರಶ್ನೆ ಇದು: "ಹೋದ ತಿಂಗಳೇ ಬ್ಯಾಲೆನ್ಸ್ ಮಾಡ್ಸೀವಲ್ರೀ ಸರ್, ಮತ್ತ್ಯಾಕ ಇಷ್ಟು ಹೊಡಿಲಾಕತ್ತದ?" ಕನ್ನಡ ವರದಿ ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ.

ಮೊದಲು ಯಂತ್ರದ ಬಳಿ ಹೋಗಿ ಗುರುತುಗಳನ್ನು ತಾಳೆ ನೋಡಬೇಕು

ವರದಿಯ ಮೊದಲ ಪುಟದಲ್ಲಿ ಅಳತೆ ತೆಗೆದ ಜಾಗಗಳ ಚಿತ್ರವಿರುತ್ತದೆ. `MNDE-H`, `MDE-V`, `FDE-A` ಎಂಬಂಥ ಗುರುತುಗಳು ಅಲ್ಲಿ ಕಾಣುತ್ತವೆ. ಮೊದಲ ಅಕ್ಷರ ಮೋಟಾರೋ ಫ್ಯಾನೋ ಎಂದು ಹೇಳುತ್ತದೆ, ನಡುವಿನದು ಕಪ್ಲಿಂಗ್ ಇರುವ ತುದಿಯೋ ಅದರ ಎದುರಿನ ತುದಿಯೋ ಎಂದು ಹೇಳುತ್ತದೆ, ಕೊನೆಯದು ದಿಕ್ಕು. ಇವನ್ನು ಕನ್ನಡ ಅಕ್ಷರಗಳಿಗೆ ಬದಲಿಸಲು ಹೋಗಬಾರದು, ಏಕೆಂದರೆ ಅಳತೆಯ ಉಪಕರಣದ ಪರದೆಯಲ್ಲೂ ಯಂತ್ರದ ಮೇಲೆ ಬಳಿದ ಬಣ್ಣದ ಗುರುತಿನಲ್ಲೂ ಅವೇ ಇರುತ್ತವೆ. ಗುರುತನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ "ಮೋಟಾರಿನ ಕೂಲಿಂಗ್ ಫ್ಯಾನ್ ತುದಿ, ಅಡ್ಡ ದಿಕ್ಕು" ಎಂದು ಬಿಡಿಸಿ ಬರೆಯುವುದು ಸರಿಯಾದ ಕ್ರಮ.

ದಿಕ್ಕಿನ ಪದಗಳಲ್ಲಿ ಎಚ್ಚರ ಬೇಕು. ಅಡ್ಡ, ಉದ್ದ ಎಂಬ ಮಾತುಗಳು ನಿಂತವರ ಜಾಗಕ್ಕೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ "ಅಡ್ಡ" ಎಂದರೆ ನೆಲಕ್ಕೆ ಸಮನಾಗಿ, ಶಾಫ್ಟಿಗೆ ಅಡ್ಡಲಾಗಿ. "ನಿಲುವು" ಎಂದರೆ ಮೇಲೆ ಕೆಳಗೆ. "ಶಾಫ್ಟಿನ ಉದ್ದಕ್ಕೆ" ಎಂದರೆ ಫ್ಯಾನಿನ ಕಡೆಗೂ ಮೋಟಾರಿನ ಕಡೆಗೂ ಎಂದು ಮೊದಲ ಪುಟದಲ್ಲೇ ಒಮ್ಮೆ ನಿಗದಿ ಮಾಡಿ, ಮುಂದೆ ಎಲ್ಲೂ ಬದಲಿಸದೆ ಬಳಸಬೇಕು. ನಮ್ಮ ವರದಿಯ ಇಡೀ ತೀರ್ಮಾನ ದಿಕ್ಕಿನ ಮೇಲೆಯೇ ನಿಂತಿದೆ: `MNDE-H` ಜಾಗದಲ್ಲಿ 9.6, ಅದೇ ಬೇರಿಂಗಿನ ನಿಲುವಿನ ದಿಕ್ಕಿನಲ್ಲಿ 2.1, ಶಾಫ್ಟಿನ ಉದ್ದಕ್ಕೆ 1.8. ಅಳತೆ `mm/s RMS`, ಅಂದರೆ ಸೆಕೆಂಡಿಗೆ ಮಿಲಿಮೀಟರ್. ಈ ಘಟಕವನ್ನು ಕೋಷ್ಟಕದಲ್ಲಿ ಇಂಗ್ಲಿಷಿನಲ್ಲೇ ಬಿಡುವುದು ಒಳ್ಳೆಯದು, ಸೂಪರ್‌ವೈಸರ್ ಕೈಯಲ್ಲಿರುವ ಪೆನ್ ಮೀಟರ್ ತೋರಿಸುವುದೂ ಅದನ್ನೇ. ವರದಿಯಲ್ಲಿ `RMS` ಬದಲು `Peak` ಎಂದಿದ್ದರೆ ಅದನ್ನು ಬಿಟ್ಟುಬಿಡಬಾರದು. ಒಂದೇ ಆವೃತ್ತಿಯ ಸರಳ ಕಂಪನದಲ್ಲಿ ಪೀಕ್ ಅಂಕಿ ಸುಮಾರು 1.4 ಪಟ್ಟು ದೊಡ್ಡದಾಗಿರುತ್ತದೆ. ಗಮನಿಸದವರು ಕಂಪನ ಒಂದೇ ದಿನದಲ್ಲಿ 9.6ರಿಂದ 13.6ಕ್ಕೆ ಏರಿತೆಂದು ಫ್ಯಾನ್ ನಿಲ್ಲಿಸಿಬಿಡಬಹುದು.

ಅಳೆದದ್ದು, ಊಹಿಸಿದ್ದು, ಮಾಡಲು ಹೇಳಿದ್ದು

ಅನುವಾದಕ್ಕೆ ಕೈಹಾಕುವ ಮೊದಲು ಮೂಲ ವರದಿಯ ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಳ್ಳಬೇಕು: ಇದು ಉಪಕರಣ ಅಳೆದದ್ದೋ, ತಜ್ಞರು ಅದರಿಂದ ಊಹಿಸಿದ್ದೋ, ಅಥವಾ ಮಾಡಲು ಹೇಳಿದ ಕೆಲಸವೋ. ಇಂಗ್ಲಿಷ್ ವರದಿಯಲ್ಲಿ ಇವು ಮೂರೂ ಒಂದೇ ಪ್ಯಾರಾದಲ್ಲಿ ಬೆರೆತಿರುತ್ತವೆ. ಕನ್ನಡದಲ್ಲಿ ಕ್ರಿಯಾಪದವೇ ಈ ವ್ಯತ್ಯಾಸವನ್ನು ಹೊರಬೇಕು. ಅಳೆದದ್ದಕ್ಕೆ "ಇದೆ", "ದಾಖಲಾಗಿದೆ". ಊಹೆಗೆ "ಇರಬಹುದು", "ಸೂಚನೆ ಕಾಣುತ್ತದೆ". ಕೆಲಸಕ್ಕೆ "ಮಾಡಬೇಕು", "ಮಾಡಬಾರದು". ಇಷ್ಟನ್ನು ಶಿಸ್ತಾಗಿ ಪಾಲಿಸಿದರೂ ಸಾಕು, ವರದಿ ಅರ್ಧ ನೇರವಾಗುತ್ತದೆ.

ನಮ್ಮ ವರದಿಯಲ್ಲಿ ಅಲೈನ್‌ಮೆಂಟ್ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಸ್ವಲ್ಪ ಪ್ರಮಾಣದ ಅಲೈನ್‌ಮೆಂಟ್ ದೋಷವನ್ನು ತಳ್ಳಿಹಾಕಲಾಗದು, ಮುಂದಿನ ಶಟ್‌ಡೌನ್‌ನಲ್ಲಿ ಪರೀಕ್ಷಿಸಿ. ಇದಕ್ಕೆ "ಅಲೈನ್‌ಮೆಂಟ್ ಸರಿಯಿಲ್ಲ" ಎಂದು ಬರೆದರೆ ಕನ್ನಡ ಚೊಕ್ಕವಾಗಿ ಕಾಣುತ್ತದೆ, ಓದಿದ ಸೂಪರ್‌ವೈಸರ್ ಅಂದೇ ರಾತ್ರಿ ಕಪ್ಲಿಂಗ್ ಬಿಚ್ಚಿಸುತ್ತಾರೆ. "ತಳ್ಳಿಹಾಕಲಾಗದು" ಎಂಬ ಎರಡು ಬಾರಿ ಸುತ್ತಿದ ಮಾತನ್ನು ಬಿಡಿಸಿ ಹೀಗೆ ಬರೆಯಬಹುದು: "ಅಲೈನ್‌ಮೆಂಟ್ ಸ್ವಲ್ಪ ತಪ್ಪಿರಲೂಬಹುದು, ಈಗಿನ ಜೋರಾದ ಕಂಪನಕ್ಕೆ ಅದು ಮುಖ್ಯ ಕಾರಣವಲ್ಲ. ಈಗ ಬಿಚ್ಚುವ ಅಗತ್ಯವಿಲ್ಲ, ಮುಂದಿನ ಶಟ್‌ಡೌನ್‌ನಲ್ಲಿ ಡಯಲ್ ಗೇಜ್ ಇಟ್ಟು ನೋಡಬೇಕು." ಇಲ್ಲಿ "ಮುಖ್ಯ ಕಾರಣವಲ್ಲ" ಎಂಬ ಮಾತು ಅನುವಾದಕರ ಸ್ವಂತದ್ದಾಗಿರಬಾರದು. ವರದಿಯ ಬೇರೆ ಪುಟದಲ್ಲಿ ಅದಕ್ಕೆ ಆಧಾರ ಇದೆಯೇ ಎಂದು ಹುಡುಕಬೇಕು, ಇಲ್ಲದಿದ್ದರೆ ವರದಿ ಕೊಟ್ಟವರಿಗೆ ಫೋನ್ ಮಾಡಿ ಕೇಳಿಯೇ ಸೇರಿಸಬೇಕು.

ಮೂರು ದೋಷಗಳ ಹೆಸರು

ಅಸಮತೋಲನಕ್ಕೆ ಶಾಪ್‌ಫ್ಲೋರಿನಲ್ಲಿ "ಬ್ಯಾಲೆನ್ಸ್ ಔಟ್" ಎನ್ನುತ್ತಾರೆ. ಅಸಮತೋಲನ ಎಂದರೂ ಅರ್ಥವಾಗುತ್ತದೆ, ಆದರೆ ಮೋಟಾರಿನ ವರದಿಯಲ್ಲಿ ಒಂದು ತೊಡಕಿದೆ: ಮೂರು ಫೇಸಿನ ಕರೆಂಟ್ ಏರುಪೇರಾದರೂ ಎಲೆಕ್ಟ್ರಿಕಲ್‌ನವರು ಅದನ್ನೂ ಅಸಮತೋಲನ, ಅನ್‌ಬ್ಯಾಲೆನ್ಸ್ ಎಂದೇ ಕರೆಯುತ್ತಾರೆ. ಆದ್ದರಿಂದ ಮೊದಲ ಬಾರಿ ಬಂದಾಗ "ತಿರುಗುವ ಭಾಗದ ತೂಕದ ಅಸಮತೋಲನ" ಎಂದು ಪೂರ್ತಿ ಬರೆಯಬೇಕು. ಇದರ ಲಕ್ಷಣವನ್ನು ವರದಿ `1×` ಎಂಬ ಗುರುತಿನಿಂದ ಹೇಳುತ್ತದೆ, ಅಂದರೆ ಶಾಫ್ಟ್ ಒಂದು ಸುತ್ತು ಸುತ್ತಿದಾಗ ಒಂದು ಸಲ ಅಲುಗುವುದು. ಬ್ಯಾಗ್ ಫಿಲ್ಟರ್ ಫ್ಯಾನುಗಳಲ್ಲಿ ರೆಕ್ಕೆಗೆ ಧೂಳು ಮೆತ್ತಿಕೊಂಡೋ, ಒಂದು ಕಡೆ ಸವೆದೋ ಇದು ಹುಟ್ಟುತ್ತದೆ. ಪರಿಹಾರ ರೆಕ್ಕೆ ಸ್ವಚ್ಛ ಮಾಡಿ, ಬೇಕಾದರೆ ತೂಕ ಹಾಕುವುದು.

ಅಲೈನ್‌ಮೆಂಟ್ ದೋಷಕ್ಕೆ ಸಂಸ್ಕೃತದ ಪದ ಕಟ್ಟುವ ಅಗತ್ಯ ಕಾಣುವುದಿಲ್ಲ. "ಅಲೈನ್‌ಮೆಂಟ್ ತಪ್ಪಿದೆ" ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಕನ್ನಡವೇ. ಅದರ ಎರಡು ಬಗೆಗಳನ್ನು ಮಾತ್ರ ಬೇರ್ಪಡಿಸಿ ಬರೆಯಬೇಕು: ಎರಡು ಶಾಫ್ಟುಗಳ ನಡುಗೆರೆ ಒಂದಕ್ಕೊಂದು ಓರೆಯಾಗಿರುವುದು, ಮತ್ತು ಎರಡೂ ನೇರವಿದ್ದು ಒಂದು ಮೇಲೆ ಅಥವಾ ಪಕ್ಕಕ್ಕೆ ಸರಿದಿರುವುದು. ಎರಡನ್ನೂ ಶಿಮ್ ಹಾಕಿ, ಮೋಟಾರನ್ನು ಸರಿಸಿ ತಿದ್ದುತ್ತಾರೆ, ಆದರೆ ಯಾವ ಕಾಲಿನ ಕೆಳಗೆ ಎಷ್ಟು ಶಿಮ್ ಎಂಬುದು ಬಗೆಯ ಮೇಲೆ ನಿಂತಿದೆ. ವರದಿಯಲ್ಲಿ ಇದರ ಲಕ್ಷಣ ಸಾಮಾನ್ಯವಾಗಿ `2×` ಎತ್ತರವಾಗಿರುವುದು ಮತ್ತು ಶಾಫ್ಟಿನ ಉದ್ದಕ್ಕೆ ಕಂಪನ ಹೆಚ್ಚಿರುವುದು. ನಮ್ಮ ಫ್ಯಾನಿನಲ್ಲಿ `MNDE-H` ಜಾಗದ 9.6ರಲ್ಲಿ `1×` ಪಾಲು 9.3 ಇತ್ತು, `2×` ಬರೀ 1.6.

ಮೂರನೆಯದು ರೆಸೋನೆನ್ಸ್. ಇದಕ್ಕೆ ಅನುರಣನ ಎಂಬ ಶಾಸ್ತ್ರೀಯ ಪದವಿದೆ. ಆದರೆ ಆ ಪದ ಕಿವಿಗೆ ಸದ್ದಿನ ವಿಷಯವಾಗಿ ಬೀಳುತ್ತದೆ, ಓದಿದವರು ಮೋಟಾರಿನಿಂದ ಏನೋ ಝೇಂಕಾರ ಬರುತ್ತಿದೆ ಎಂದುಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ರೆಸೋನೆನ್ಸ್ ಎಂಬ ಹೆಸರನ್ನೇ ಇಟ್ಟುಕೊಂಡು, ಜೊತೆಗೆ ಒಂದು ವಿವರಣೆ ಕಟ್ಟುವುದು ನನಗೆ ಸರಿ ಕಾಣುತ್ತದೆ: "ಪ್ರತಿ ಸ್ಟ್ರಕ್ಚರಿಗೂ ತಾನಾಗಿ ಅಲುಗುವ ಒಂದು ವೇಗವಿರುತ್ತದೆ, ಮೋಟಾರಿನ ವೇಗ ಅದಕ್ಕೆ ಹತ್ತಿರ ಬಂದಾಗ ಸಣ್ಣ ಅಲುಗಾಟವೂ ಹಲವು ಪಟ್ಟು ದೊಡ್ಡದಾಗುತ್ತದೆ." ಪಂಚಮಿಯ ಜೋಕಾಲಿಗೆ ಹೊತ್ತು ನೋಡಿ ಕೈ ಕೊಟ್ಟರೆ ಅದು ಏರುತ್ತಾ ಹೋಗುವ ಹೋಲಿಕೆಯನ್ನು ಸೂಪರ್‌ವೈಸರ್‌ಗಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಥಟ್ಟನೆ ತಲೆಗೆ ಹೋಗುತ್ತದೆ. ಅದನ್ನು ಲಿಖಿತ ವರದಿಯೊಳಗೆ ಹಾಕುವುದು ಬೇಡ, ಅಲ್ಲಿ ಮೂಲದಲ್ಲಿಲ್ಲದ ಮಾತು ಸೇರಿದಂತಾಗುತ್ತದೆ.

ರೆಸೋನೆನ್ಸ್ ಒಂದು ಯಂತ್ರಭಾಗದ ದೋಷವಲ್ಲ ಎಂಬುದು ಅನುವಾದದಲ್ಲಿ ಕಾಣಿಸಬೇಕು. ಅಸಮತೋಲನ ಅಲುಗಾಟವನ್ನು ಹುಟ್ಟಿಸುತ್ತದೆ, ರೆಸೋನೆನ್ಸ್ ಅದನ್ನು ಹಿಗ್ಗಿಸುತ್ತದೆ. ಎಷ್ಟೇ ಚೆನ್ನಾಗಿ ಬ್ಯಾಲೆನ್ಸ್ ಮಾಡಿದ ಫ್ಯಾನಿನಲ್ಲೂ ಸ್ವಲ್ಪ ಅಸಮತೋಲನ ಉಳಿದೇ ಇರುತ್ತದೆ, ಮತ್ತು ಹಿಗ್ಗಿದ್ದೂ `1×` ಆವೃತ್ತಿಯಲ್ಲೇ ಆದ್ದರಿಂದ ಗ್ರಾಫಿನಲ್ಲಿ ಅದು ಅಪ್ಪಟ ಅಸಮತೋಲನದ ಹಾಗೆಯೇ ಕಾಣುತ್ತದೆ. ತಜ್ಞರು ಇವೆರಡನ್ನು ಹೇಗೆ ಬೇರ್ಪಡಿಸಿದರು ಎಂಬ ಭಾಗ ವರದಿಯಲ್ಲಿ ಎರಡು ಸಾಲಿರಬಹುದು. ಅನುವಾದದಲ್ಲಿ ಅದನ್ನು ಕತ್ತರಿಸಲೇಬಾರದು, ಏಕೆಂದರೆ "ಹೋದ ತಿಂಗಳೇ ಬ್ಯಾಲೆನ್ಸ್ ಮಾಡಿಸಿದ್ದೇವೆ" ಎನ್ನುವವರನ್ನು ಒಪ್ಪಿಸುವುದು ಅದೊಂದೇ.

ನಮ್ಮ ವರದಿಯಲ್ಲಿ ಆ ಪುರಾವೆ ಹೀಗಿದೆ. ಡ್ರೈವನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ `MNDE-H` ಜಾಗದಲ್ಲಿ ಅಳೆದಾಗ 40ರಲ್ಲಿ 2.2, 42ರಲ್ಲಿ 3.7, 45ರಲ್ಲಿ 9.6, 50ರಲ್ಲಿ 7.0 ಬಂದಿದೆ. ಬರೀ ಅಸಮತೋಲನವಾಗಿದ್ದರೆ ಕಂಪನ ವೇಗದ ಜೊತೆಗೆ ಏರುತ್ತಲೇ ಹೋಗಬೇಕಿತ್ತು, ಮತ್ತು 40ರಿಂದ 45ಕ್ಕೆ ಹೋದಾಗ ಹೆಚ್ಚೆಂದರೆ ಒಂದೂವರೆ ಪಟ್ಟು ಆಗಬೇಕಿತ್ತು. ಇಲ್ಲಿ ನಾಲ್ಕು ಪಟ್ಟಿಗೂ ಮೀರಿ ಏರಿದೆ, ವೇಗ ಇನ್ನೂ ಹೆಚ್ಚಿಸಿದಾಗ ಇಳಿದಿದೆ. ಅದೂ ಅಡ್ಡ ದಿಕ್ಕಿನಲ್ಲಿ ಮಾತ್ರ, ನಿಲುವಿನ ದಿಕ್ಕಿಗಿಂತ ನಾಲ್ಕೂವರೆ ಪಟ್ಟು. ಸ್ಟ್ರಕ್ಚರ್ ಅಡ್ಡಕ್ಕೆ ಮೆತ್ತಗಿದೆ, ಮೇಲೆ ಕೆಳಗೆ ಗಟ್ಟಿಯಾಗಿದೆ ಎಂದರ್ಥ. ಮೋಟಾರು ನಿಲ್ಲಿಸಿ, ಸ್ಟ್ರಕ್ಚರಿಗೆ ಸುತ್ತಿಗೆಯಿಂದ ತಟ್ಟಿ ಮಾಡುವ ಬಂಪ್ ಟೆಸ್ಟಿನಲ್ಲಿ ಅದು ಅಡ್ಡಕ್ಕೆ ತಾನಾಗಿ ಅಲುಗುವ ಆವೃತ್ತಿ 23.0 ಹರ್ಟ್ಜ್ ಎಂದು ಸಿಕ್ಕಿದೆ.

ಹರ್ಟ್ಜ್ ಎರಡು ಇವೆ

ಇಷ್ಟನ್ನೆಲ್ಲ ತಪ್ಪಿಲ್ಲದೆ ಅನುವಾದಿಸಿ ಕೊಟ್ಟರೂ ಕೆಲಸ ಕೆಡುವ ಜಾಗ ಇದು. ವರದಿ ಹೇಳುತ್ತದೆ, 23 ಹರ್ಟ್ಜ್ ಹತ್ತಿರ ಓಡಿಸಬಾರದು. ಸೂಪರ್‌ವೈಸರ್ ಪ್ಯಾನೆಲ್ ಮುಂದೆ ನಿಂತು ವಿಎಫ್‌ಡಿ ಪರದೆ ನೋಡುತ್ತಾರೆ, ಅಲ್ಲಿ `45.0 Hz` ಎಂದಿದೆ. "ನಾವು 23ಕ್ಕ ಯಾವತ್ತೂ ಓಡ್ಸೇ ಇಲ್ರೀ, ನಮ್ದು 45 ಅದ" ಎನ್ನುತ್ತಾರೆ. ಅವರ ಮಾತು ಅವರು ನೋಡುವ ಪರದೆಯ ಮಟ್ಟಿಗೆ ಸರಿಯಾಗಿಯೇ ಇದೆ.

ವಿಎಫ್‌ಡಿ ತೋರಿಸುವುದು ಮೋಟಾರಿಗೆ ಹೋಗುವ ವಿದ್ಯುತ್ತಿನ ಆವೃತ್ತಿಯನ್ನು. ಕಂಪನ ವರದಿ ಹೇಳುವುದು ಶಾಫ್ಟ್ ಸೆಕೆಂಡಿಗೆ ಎಷ್ಟು ಸುತ್ತು ಸುತ್ತುತ್ತದೆ ಎಂಬುದನ್ನು. ನಾಲ್ಕು ಪೋಲ್ ಮೋಟಾರಿನಲ್ಲಿ ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಸ್ಲಿಪ್ ಇರುವುದರಿಂದ, ಅಂದರೆ ಶಾಫ್ಟ್ ಲೆಕ್ಕದ ವೇಗಕ್ಕಿಂತ ತುಸು ಹಿಂದೆ ಬೀಳುವುದರಿಂದ. ಲೆಕ್ಕ ಹೀಗೆ:

```
RPM      = 30 × (VFD Hz) − slip RPM
shaft Hz = RPM / 60

45 Hz :  30 × 45 − 15 = 1335 RPM  →  22.25 Hz
42 Hz :  30 × 42 − 15 = 1245 RPM  →  20.75 Hz
```

ಸ್ಲಿಪ್ 15 ಎಂಬುದು ಈ ಮೋಟಾರಿನ ನೇಮ್‌ಪ್ಲೇಟಿನಲ್ಲಿರುವ 1485 ಆರ್‌ಪಿಎಂನಿಂದ ಬಂದದ್ದು. ಬೇರೆ ಮೋಟಾರಿಗೆ ಬೇರೆ ಇರುತ್ತದೆ, ಲೋಡಿಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ. ಎರಡು ಅಥವಾ ಆರು ಪೋಲ್ ಮೋಟಾರಿಗೆ 30ರ ಬದಲು ಕ್ರಮವಾಗಿ 60 ಮತ್ತು 20 ಹಾಕಬೇಕು. ಇದೇ ಲೆಕ್ಕವನ್ನು ಹಿಂದಕ್ಕೆ ಮಾಡಿದರೆ 23.0 ಹರ್ಟ್ಜ್ ಎಂದರೆ 1380 ಆರ್‌ಪಿಎಂ, ಡ್ರೈವಿನ ಪರದೆಯಲ್ಲಿ 46.5. ಈಗ ಓಡುತ್ತಿರುವ 45 ಅದರ ಪಕ್ಕದಲ್ಲೇ ಇದೆ ಎಂಬುದು ಆಗ ಯಾರಿಗಾದರೂ ಕಾಣುತ್ತದೆ.

ಅನುವಾದದಲ್ಲಿ ಪ್ರತಿ ವೇಗವನ್ನೂ ಮೂರು ರೂಪದಲ್ಲಿ, ಒಂದೇ ಸಾಲಿನಲ್ಲಿ ಕೊಡಬೇಕು: ವರದಿಯ ಹರ್ಟ್ಜ್, ಆರ್‌ಪಿಎಂ, ಡ್ರೈವಿನ ಪರದೆಯಲ್ಲಿ ಕಾಣುವ ಅಂಕಿ. ಮೊದಲನೆಯದು ತಜ್ಞರ ಜೊತೆ ಮಾತನಾಡಲು ಬೇಕು, ಕೊನೆಯದು ನಾಬ್ ತಿರುಗಿಸಲು. ಪರಿವರ್ತಿಸಿದ ಅಂಕಿಗಳು ಮೂಲದಲ್ಲಿಲ್ಲ, ಆದ್ದರಿಂದ ಅವು ಅನುವಾದಕರು ಲೆಕ್ಕ ಹಾಕಿದ್ದು ಎಂದು ಅಡಿಯಲ್ಲಿ ಬರೆದು, ವರದಿ ಕೊಟ್ಟವರಿಂದ ಒಮ್ಮೆ ಒಪ್ಪಿಗೆ ಪಡೆಯುವುದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ.

ಫೇಸ್ ಎಂಬ ಪದ

ವರದಿಯಲ್ಲಿ ಕಪ್ಲಿಂಗಿನ ಎರಡೂ ಬದಿಯ ಶಾಫ್ಟಿನುದ್ದದ ಅಳತೆಗಳ ನಡುವೆ ಫೇಸ್ ವ್ಯತ್ಯಾಸ 25 ಡಿಗ್ರಿ ಎಂದಿತ್ತು. ಕಾರ್ಖಾನೆಯಲ್ಲಿ ಫೇಸ್ ಎಂದರೆ ಆರ್, ವೈ, ಬಿ. ಮೋಟಾರಿನ ವರದಿಯಲ್ಲಿ ಆ ಪದ ಕಂಡರೆ ಸೂಪರ್‌ವೈಸರ್ ಎಲೆಕ್ಟ್ರಿಷಿಯನ್‌ನನ್ನು ಕರೆದು ಟರ್ಮಿನಲ್ ಬಾಕ್ಸ್ ತೆಗೆಸುವುದು ಸಹಜ. ಇಲ್ಲಿ ಆ ಪದ ಹೇಳುವುದು ಎರಡು ಜಾಗಗಳ ಅಲುಗಾಟ ಒಂದೇ ಹೊತ್ತಿಗೆ ಒಂದೇ ಕಡೆಗಿದೆಯೋ ಇಲ್ಲವೋ ಎಂಬುದನ್ನು. 180 ಡಿಗ್ರಿ ಎಂದರೆ ಒಂದು ಬದಿ ಫ್ಯಾನಿನ ಕಡೆಗೆ ಸರಿದಾಗ ಇನ್ನೊಂದು ಮೋಟಾರಿನ ಕಡೆಗೆ ಸರಿಯುತ್ತದೆ. ಅದು ಶಾಫ್ಟುಗಳು ಓರೆಯಾಗಿರುವುದರ ಬಲವಾದ ಗುರುತು. 25 ಡಿಗ್ರಿ ಎಂದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಸರಿಯುತ್ತಿವೆ. ಕನ್ನಡದಲ್ಲಿ ಹೀಗೆ ಬರೆದರೆ ಸಾಕು: "ಕಪ್ಲಿಂಗಿನ ಎರಡೂ ಬದಿಗಳು ಬಹುತೇಕ ಒಟ್ಟಿಗೇ ಒಂದೇ ಕಡೆಗೆ ಅಲುಗುತ್ತಿವೆ, ಅಂತರ 25 ಡಿಗ್ರಿ, ಆದ್ದರಿಂದ ಅಲೈನ್‌ಮೆಂಟ್ ದೋಷ ಮುಖ್ಯ ಕಾರಣವಾಗಿರುವ ಸಾಧ್ಯತೆ ಕಡಿಮೆ." ಹಿಂದೆ ಹುಡುಕುತ್ತಿದ್ದ ಆಧಾರ ಇದೇ.

ಒಂದು ಸೂಕ್ಷ್ಮವಿದೆ. ಸೆನ್ಸರನ್ನು ಮೋಟಾರಿನ ಮೇಲೆ ಒಂದು ದಿಕ್ಕಿಗೆ, ಫ್ಯಾನಿನ ಬೇರಿಂಗಿನ ಮೇಲೆ ಅದರ ಎದುರು ದಿಕ್ಕಿಗೆ ಮುಖ ಮಾಡಿ ಅಂಟಿಸಿದರೆ ಉಪಕರಣವೇ 180 ಡಿಗ್ರಿ ಹೆಚ್ಚಾಗಿ ತೋರಿಸುತ್ತದೆ. ವರದಿಯಲ್ಲಿ ಕೊಟ್ಟ ಕೋನ ಇದನ್ನು ಸರಿಪಡಿಸಿದ ನಂತರದ್ದೋ ಮುಂಚಿನದ್ದೋ ಎಂದು ಕೇಳಿ, ಉತ್ತರವನ್ನು ಅನುವಾದದಲ್ಲಿ ನಮೂದಿಸಬೇಕು.

ತೀರ್ಮಾನದ ಪ್ಯಾರಾ

ಮೂಲದಲ್ಲಿ ತೀರ್ಮಾನ ಒಂದೇ ಉದ್ದ ವಾಕ್ಯದಲ್ಲಿತ್ತು: ಉಳಿಕೆ ಅಸಮತೋಲನಕ್ಕೆ ಸ್ಟ್ರಕ್ಚರ್ ತೋರುವ ಪ್ರತಿಕ್ರಿಯೆ, ಅಡ್ಡ ದಿಕ್ಕಿನ ಸಹಜ ಆವೃತ್ತಿ ಓಡುವ ವೇಗಕ್ಕೆ ಸಮೀಪವಿರುವುದರಿಂದ ವರ್ಧನೆಗೊಂಡಿದೆ, ಮತ್ತೆ ಬ್ಯಾಲೆನ್ಸ್ ಮಾಡುವುದನ್ನು ಶಿಫಾರಸು ಮಾಡುವುದಿಲ್ಲ. ಹೀಗೆಯೇ ಪದಕ್ಕೆ ಪದ ಇಟ್ಟರೆ ವ್ಯಾಕರಣ ಸರಿ, ಆದರೆ ಓದುವವರ ಕಣ್ಣು "ಅಸಮತೋಲನ" ಎಂಬ ಪರಿಚಿತ ಪದಕ್ಕೆ ಅಂಟಿಕೊಂಡು ಉಳಿದದ್ದನ್ನು ಬಿಡುತ್ತದೆ. ಕೊನೆಯಲ್ಲಿರುವ "ಮಾಡುವುದಿಲ್ಲ" ಎಂಬ ನಿರಾಕರಣೆಯೂ ಕಣ್ತಪ್ಪುತ್ತದೆ. ಅದನ್ನು ಒಡೆದು ಬರೆಯಬೇಕು:

"ಮೋಟಾರಿನ ಸ್ಟ್ರಕ್ಚರ್ ಅಡ್ಡ ದಿಕ್ಕಿನಲ್ಲಿ ತಾನಾಗಿ ಅಲುಗುವ ವೇಗ 1380 ಆರ್‌ಪಿಎಂ. ಈಗ ಮೋಟಾರು ಓಡುತ್ತಿರುವುದು 1335ರಲ್ಲಿ. ಎರಡೂ ತೀರಾ ಹತ್ತಿರವಿರುವುದರಿಂದ, ಬ್ಯಾಲೆನ್ಸಿಂಗ್ ನಂತರ ಉಳಿದಿರುವ ಸ್ವಲ್ಪ ಅಸಮತೋಲನವೇ ದೊಡ್ಡ ಕಂಪನವಾಗಿ ಕಾಣುತ್ತಿದೆ. ಮತ್ತೆ ಬ್ಯಾಲೆನ್ಸ್ ಮಾಡಬಾರದು."

ಮತ್ತೆ ಬ್ಯಾಲೆನ್ಸ್ ಮಾಡಬಾರದು ಏಕೆ ಎಂದು ಕೇಳುವವರಿಗೆ ಉತ್ತರ ಸರಳ. ರೆಸೋನೆನ್ಸಿನ ಬಳಿಯಲ್ಲಿ ವೇಗ ಒಂದಿಷ್ಟು ಬದಲಾದರೂ ಕಂಪನದ ಪ್ರಮಾಣ ಮತ್ತು ಕೋನ ಎರಡೂ ಬಹಳ ಬದಲಾಗುತ್ತವೆ. ಟ್ರಯಲ್ ತೂಕ ಹಾಕಿ ನೋಡಿದರೆ ಒಂದು ಸಲ ಬಂದ ಉತ್ತರ ಇನ್ನೊಂದು ಸಲ ಬರುವುದಿಲ್ಲ, ಮಿಸ್ತ್ರಿ ಇಡೀ ಪಾಳಿ ತೂಕ ಬೆಸೆಯುತ್ತಾ ತೆಗೆಯುತ್ತಾ ಕಳೆಯುತ್ತಾನೆ.

ತೀವ್ರತೆಯ ವಲಯಗಳ ಬಗ್ಗೆಯೂ ಇದೇ ಪ್ಯಾರಾದಲ್ಲಿ ಬರುತ್ತದೆ. ಐಎಸ್‌ಒ 10816-3 ಮತ್ತು 2022ರಲ್ಲಿ ಅದರ ಜಾಗಕ್ಕೆ ಬಂದ 20816-3 ಮಾನದಂಡಗಳು ಎ, ಬಿ, ಸಿ, ಡಿ ಎಂಬ ವಲಯಗಳನ್ನು ಬಳಸುತ್ತವೆ. ಈ ಗಾತ್ರದ ಮೋಟಾರಿಗೆ, ಬಾಗುವ ಗುಣದ ಸ್ಟ್ರಕ್ಚರ್ ಮೇಲಿದ್ದರೆ, ಬಿ ಮತ್ತು ಸಿ ನಡುವಿನ ಗಡಿ 4.5, ಸಿ ಮತ್ತು ಡಿ ನಡುವಿನದು 7.1 ಎಂದು 10816-3 ಹೇಳುತ್ತದೆ. ವರದಿ ಬಳಸಿದ್ದೂ ಇವನ್ನೇ. ಸಿ ವಲಯಕ್ಕೆ "ಅಪಾಯ" ಎಂದು ಬರೆಯುವ ಚಾಳಿ ಕಾಣುತ್ತದೆ, ಅದು ತಪ್ಪು. ಅದರ ಅರ್ಥ "ದೀರ್ಘಕಾಲ ಸತತವಾಗಿ ಓಡಿಸಲು ತಕ್ಕುದಲ್ಲ, ದುರಸ್ತಿಗೆ ಅವಕಾಶ ಸಿಗುವವರೆಗೆ ಸೀಮಿತ ಕಾಲ ಓಡಿಸಬಹುದು". ಡಿ ವಲಯ ಮಾತ್ರ ಯಂತ್ರಕ್ಕೆ ಹಾನಿ ಮಾಡುವಷ್ಟು. ನಮ್ಮ 9.6 ಡಿ ವಲಯದಲ್ಲಿದೆ, 42ಕ್ಕೆ ಇಳಿಸಿದಾಗಿನ 3.7 ಬಿ ವಲಯದಲ್ಲಿ. ಬಣ್ಣ ಹಚ್ಚುವುದಾದರೆ ಸಿಗೆ ಕೆಂಪು ಹಚ್ಚಬಾರದು.

ಕೆಲಸದ ಹಾಳೆ

ಶಿಫಾರಸುಗಳನ್ನು ಮೂಲದ ಕ್ರಮದಲ್ಲಲ್ಲ, ಯಾರು ಯಾವಾಗ ಮಾಡಬೇಕು ಎಂಬ ಕ್ರಮದಲ್ಲಿ ಬರೆಯುವುದು ವಾಸಿ. ನಮ್ಮ ವರದಿಯಲ್ಲಿ ಈಗಲೇ ಮಾಡಬೇಕಾದದ್ದು ಎಲೆಕ್ಟ್ರಿಕಲ್‌ನವರ ಕೆಲಸ: ವಿಎಫ್‌ಡಿಯ ಗರಿಷ್ಠ ಮಿತಿಯನ್ನು `42 Hz` ಎಂದು ಕಟ್ಟಿಹಾಕುವುದು. ಗಾಳಿ ಸಾಲದಿದ್ದರೆ ಪ್ರೊಸೆಸ್‌ನವರಿಗೆ ತಿಳಿಸಬೇಕೇ ಹೊರತು ಮಿತಿ ಬಿಚ್ಚಬಾರದು ಎಂಬ ಸಾಲನ್ನೂ ಅಲ್ಲೇ ಸೇರಿಸಬೇಕು, ಏಕೆಂದರೆ ರಾತ್ರಿ ಪಾಳಿಯಲ್ಲಿ ಮೊದಲು ಆಗುವುದು ಅದೇ.

ಶಟ್‌ಡೌನ್‌ನಲ್ಲಿ ಮೆಕ್ಯಾನಿಕಲ್‌ನವರು ಫೌಂಡೇಶನ್ ಬೋಲ್ಟ್‌ಗಳನ್ನೂ ಅಲೈನ್‌ಮೆಂಟನ್ನೂ ನೋಡಬೇಕು, ಫ್ಯಾಬ್ರಿಕೇಶನ್‌ನವರು ಸ್ಟ್ರಕ್ಚರಿಗೆ ಅಡ್ಡ ದಿಕ್ಕಿನಲ್ಲಿ ಬ್ರೇಸಿಂಗ್ ಬೆಸೆಯಬೇಕು. ಬ್ರೇಸಿಂಗಿನ ಗುರಿ ಸಹಜ ಆವೃತ್ತಿಯನ್ನು 30 ಹರ್ಟ್ಜ್‌ಗಿಂತ ಮೇಲಕ್ಕೆ ಒಯ್ಯುವುದು, ಅಂದರೆ ಮೋಟಾರಿನ ಪೂರ್ಣ ವೇಗವಾದ 24.75ಕ್ಕಿಂತ ಐದನೇ ಒಂದು ಪಾಲು ಮೇಲೆ. ಇಲ್ಲಿ "ಸ್ಟ್ರಕ್ಚರನ್ನು ಭಾರಗೊಳಿಸಬೇಕು" ಎಂದು ಎಂದಿಗೂ ಬರೆಯಬಾರದು. ಗಟ್ಟಿ ಎಂದರೆ ಭಾರ ಎಂದು ತಿಳಿದು ಬೇಸ್ ಫ್ರೇಮ್ ಮೇಲೆ ಪ್ಲೇಟ್ ಹೇರಿದರೆ ತೂಕ ಹೆಚ್ಚಿ ಆ ಆವೃತ್ತಿ ಇನ್ನೂ ಕೆಳಕ್ಕೆ, 42ರ ಕಡೆಗೇ ಇಳಿಯುತ್ತದೆ. "ಓರೆ ಆಧಾರ ಕೊಟ್ಟು ಅಡ್ಡಕ್ಕೆ ಅಲುಗದಂತೆ ಬಿಗಿಗೊಳಿಸಬೇಕು" ಎಂದು ಬರೆದರೆ ಆ ಗೊಂದಲ ಉಳಿಯುವುದಿಲ್ಲ.

ಕರಡು ಮುಗಿದ ಮೇಲೆ ಅದನ್ನು ಒಬ್ಬ ಸೂಪರ್‌ವೈಸರ್ ಕೈಗೆ ಕೊಟ್ಟು, ಅರ್ಥವಾಯಿತೇ ಎಂದು ಕೇಳದೆ, ನಾಳೆ ಬೆಳಿಗ್ಗೆ ಯಾರಿಗೆ ಏನು ಹೇಳುತ್ತೀರಿ ಎಂದು ಕೇಳಬೇಕು. ಉತ್ತರದಲ್ಲಿ "ಬ್ಯಾಲೆನ್ಸ್" ಅಥವಾ "ಕಪ್ಲಿಂಗ್" ಮೊದಲು ಬಂದರೆ ತೀರ್ಮಾನದ ಪ್ಯಾರಾ ಇನ್ನೂ ಸರಿಯಾಗಿಲ್ಲ. ಅಂಕಿಗಳನ್ನು ಇನ್ನೊಬ್ಬರು ಮೂಲದ ಜೊತೆ ಓದಿ ತಾಳೆ ನೋಡಲಿ, ಇಂಗ್ಲಿಷ್ ಮೂಲವನ್ನು ಹಿಂದೆಯೇ ಪಿನ್ ಮಾಡಲಿ.

ಹಾಳೆಯ ಕೊನೆಯಲ್ಲಿ ಕೆಲಸದ ನಂತರದ ಅಳತೆಗೆ ಜಾಗ ಬಿಡಬೇಕು: ಅದೇ `MNDE-H`, ಅದೇ `45 Hz`, ದಿನಾಂಕ, ಅಳೆದವರ ಸಹಿ. 40ರಲ್ಲಿ ಓಡಿಸಿ ಅಳೆದು ಕಂಪನ ಇಳಿಯಿತೆಂದು ಬರೆದರೆ ಅದಕ್ಕೆ ಬೆಲೆಯಿಲ್ಲ, ಅಲ್ಲಿ ಮೊದಲೂ 2.2 ಇತ್ತು. ಬ್ರೇಸಿಂಗ್ ಆದ ಮೇಲೆ ಬಂಪ್ ಟೆಸ್ಟಿನ ಹೊಸ ಅಂಕಿಗೂ ಒಂದು ಖಾನೆ ಇರಲಿ. ಆ ಖಾನೆಯಲ್ಲಿ 30 ಹರ್ಟ್ಜ್ ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಬೀಳುವವರೆಗೆ 42ರ ಮಿತಿ ತೆಗೆಯಬಾರದು ಎಂದು ಖಾನೆಯ ಪಕ್ಕದಲ್ಲೇ ಬರೆಯಬೇಕು.